ಎರಡು ಪಫ್ ಅಂದರೆ ಎರಡು ಸರದಿ

ವೈದ್ಯರ ಚೀಟಿಯಲ್ಲಿ ‘ಬೆಳಿಗ್ಗೆ ಎರಡು ಪಫ್’ ಎಂದಷ್ಟೇ ಇರುತ್ತದೆ. ಆಸ್ತಮಾ ರೋಗಿ ಸ್ಪೇಸರ್‌ಗೆ ಇನ್ಹೇಲರ್ ಸಿಕ್ಕಿಸಿ, ಟಕ್ ಟಕ್ ಎಂದು ಎರಡು ಬಾರಿ ಒತ್ತಿ, ಒಂದೇ ಉಸಿರಿಗೆ ಎಳೆದುಕೊಳ್ಳುತ್ತಾರೆ. ಒಳಗಿನ ಹನಿಗಳು ಒಂದಕ್ಕೊಂದು ಕೂಡಿ ದಪ್ಪವಾಗಿ ಸ್ಪೇಸರ್‌ನ ಗೋಡೆಗೇ ಅಂಟುತ್ತವೆ. ಶ್ವಾಸಕೋಶ ತಲುಪುವ ಔಷಧ ಕಡಿಮೆಯಾಗುತ್ತದೆ.

ಒಳ್ಳೆಯ ಕನ್ನಡ ಕರಪತ್ರ ಇದನ್ನು ಬಿಡಿಸಿ ಹೇಳಬೇಕು: ‘ಮುಚ್ಚಳ ತೆಗೆದು, ಇನ್ಹೇಲರನ್ನು ಚೆನ್ನಾಗಿ ಅಲುಗಾಡಿಸಿ, ಸ್ಪೇಸರ್‌ಗೆ ಸಿಕ್ಕಿಸಿ. ನೆಟ್ಟಗೆ ಕುಳಿತು ಉಸಿರು ಹೊರಗೆ ಬಿಡಿ. ಬಾಯಿತುದಿಯನ್ನು ತುಟಿಗಳಿಂದ ಬಿಗಿಯಾಗಿ ಮುಚ್ಚಿ, ಒಂದೇ ಸಲ ಒತ್ತಿ. ನಿಧಾನವಾಗಿ, ಆಳವಾಗಿ ಉಸಿರೆಳೆದುಕೊಳ್ಳಿ. ಹತ್ತು ಎಣಿಸುವವರೆಗೆ ಹಿಡಿದಿಡಿ. ಅರ್ಧ ನಿಮಿಷ ಬಿಟ್ಟು, ಮತ್ತೆ ಅಲುಗಾಡಿಸಿ, ಎರಡನೆಯ ಪಫ್.’ ಅಷ್ಟು ಹೊತ್ತು ಉಸಿರು ಹಿಡಿಯಲಾಗದವರು ಪ್ರತಿ ಪಫ್‌ಗೂ ಐದು ಬಾರಿ ಸಹಜವಾಗಿ ಉಸಿರಾಡಿದರೂ ನಡೆಯುತ್ತದೆ.

ಕೆಲವು ಸ್ಪೇಸರ್‌ಗಳು ಪೀಪಿಯಂತೆ ಸದ್ದು ಮಾಡುತ್ತವೆ. ಔಷಧ ಸರಿಯಾಗಿ ಹೋಯಿತೆಂದು ಖುಷಿಪಡುವವರೇ ಹೆಚ್ಚು. ಆದರೆ ಅದು ಉಸಿರು ತೀರಾ ಜೋರಾಯಿತು ಎಂಬ ಎಚ್ಚರಿಕೆ.

ತೊಳೆಯುವ ಸಂಗತಿ ಕರಪತ್ರಗಳಲ್ಲಿ ಎಷ್ಟೋ ಸಲ ಬಿಟ್ಟೇ ಹೋಗಿರುತ್ತದೆ. ಪ್ಲಾಸ್ಟಿಕ್ ಸ್ಪೇಸರನ್ನು ಬಟ್ಟೆಯಿಂದ ಉಜ್ಜಿದರೆ ಸ್ಥಿರ ವಿದ್ಯುತ್ ಹುಟ್ಟಿ ಔಷಧವನ್ನು ಗೋಡೆಗೆ ಸೆಳೆಯುತ್ತದೆ. ಉಗುರುಬೆಚ್ಚಗಿನ ಸೋಪಿನ ನೀರಲ್ಲಿ ಅದ್ದಿ, ಒರೆಸದೆ, ಗಾಳಿಗೆ ಒಣಗಲು ಬಿಡಬೇಕು. ಸ್ಟಿರಾಯ್ಡ್ ಇನ್ಹೇಲರ್ ಆದರೆ, ಬಳಿಕ ಬಾಯಿ ಮುಕ್ಕಳಿಸಿ ಉಗುಳಬೇಕು. ಇಲ್ಲವಾದರೆ ನಾಲಿಗೆಯ ಮೇಲೆ ಬಿಳಿ ಶಿಲೀಂಧ್ರ ಬೆಳೆಯಬಹುದು.

ಇಷ್ಟು ಓದಿಸಿದ ಮೇಲೂ ನರ್ಸ್ ‘ಅರ್ಥವಾಯಿತಾ?’ ಎಂದು ಕೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ. ‘ಒಮ್ಮೆ ಮಾಡಿ ತೋರಿಸಿ’ ಅಂದಾಗಲೇ ಅಲುಗಾಡಿಸಲು ಮರೆತದ್ದು ಕಣ್ಣಿಗೆ ಬೀಳುವುದು.