ಬಾಡಿಗೆ ಬಂತು, ಬಡ್ಡಿಯೂ ಬಂತು

ಕೆಲಸ ಬೆಂಗಳೂರಿನ ಕಂಪನಿಯಲ್ಲಿ, ಅಪ್ಪ ಕಟ್ಟಿಸಿದ ಮನೆ ಮೈಸೂರಿನಲ್ಲಿ. ಮನೆ ಈಗ ಮಗಳ ಹೆಸರಿನಲ್ಲಿದೆ, ತಿಂಗಳಿಗೆ 25,000 ರೂಪಾಯಿ ಬಾಡಿಗೆ ಬರುತ್ತದೆ. ಸಂಬಳದ ತೆರಿಗೆಯನ್ನು ಕಂಪನಿ ತಿಂಗಳು ತಿಂಗಳು ಹಿಡಿದುಕೊಳ್ಳುತ್ತದೆ. ಬಾಡಿಗೆಯ ಸುದ್ದಿ ಕಂಪನಿಗೆ ಗೊತ್ತಿಲ್ಲ. ಬಾಡಿಗೆ ಇಷ್ಟು ಕಡಿಮೆಯಿದ್ದರೆ ಬಾಡಿಗೆದಾರರೂ ಟಿಡಿಎಸ್ ಹಿಡಿಯಬೇಕಿಲ್ಲ. ಇಂಥವರಿಗೇ ಬೆಂಗಳೂರಿನ ಕೇಂದ್ರೀಕೃತ ಸಂಸ್ಕರಣಾ ಕೇಂದ್ರದಿಂದ 'ಇಂಟಿಮೇಷನ್' ಎಂಬ ಇಮೇಲ್ ಬರುವುದು.

1961ರ ಕಾಯ್ದೆಯಂತೆ ಒಂದು ಲೆಕ್ಕ ಹಾಕಿ ನೋಡಬಹುದು. 2023-24ರಲ್ಲಿ ಬಂದ ಬಾಡಿಗೆ ಮೂರು ಲಕ್ಷ. ಆಸ್ತಿ ತೆರಿಗೆಯನ್ನು ಸದ್ಯಕ್ಕೆ ಬದಿಗಿಟ್ಟು ಶೇ 30ರ ವಿನಾಯಿತಿ ಕಳೆದರೆ ಉಳಿಯುವುದು 2,10,000. ಸಂಬಳವೇ ಶೇ 30ರ ಹಂತದಲ್ಲಿರುವುದರಿಂದ ಸೆಸ್ ಸೇರಿ ತೆರಿಗೆ 65,520 ರೂಪಾಯಿ. ಟಿಡಿಎಸ್ ಕಳೆದು ಉಳಿದ ತೆರಿಗೆ 10,000 ಮುಟ್ಟಿದರೆ ಮುಂಗಡವಾಗಿ ಕಟ್ಟಬೇಕು: ಜೂನ್ 15ರೊಳಗೆ ಶೇ 15, ಸೆಪ್ಟೆಂಬರ್ 15ಕ್ಕೆ 45, ಡಿಸೆಂಬರ್ 15ಕ್ಕೆ 75, ಮಾರ್ಚ್ 15ಕ್ಕೆ ಪೂರ್ತಿ. ಈಕೆ ಒಂದು ಪೈಸೆಯನ್ನೂ ಕಟ್ಟಿರಲಿಲ್ಲ. ರಿಟರ್ನ್ಸ್ ಸಲ್ಲಿಸಿದ್ದೂ ಗಡುವು ದಾಟಿ, 2024ರ ಡಿಸೆಂಬರ್ 20ರಂದು.

ಕಂತು ತಪ್ಪಿದ್ದಕ್ಕೆ 234ಸಿ. ಮೊದಲ ಮೂರು ಕಂತುಗಳ ಕೊರತೆಗೆ ಮೂರು ಮೂರು ತಿಂಗಳು, ಕೊನೆಯದಕ್ಕೆ ಒಂದು ತಿಂಗಳು, ತಿಂಗಳಿಗೆ ಶೇ 1ರಂತೆ ಒಟ್ಟು 3,304 ರೂಪಾಯಿ. ವರ್ಷ ಮುಗಿದ ಮೇಲೆ 234ಬಿ ಶುರು: ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ ಒಂಬತ್ತು ತಿಂಗಳಿಗೆ 5,895. ಇಪ್ಪತ್ತೇ ದಿನವಾದರೂ ಡಿಸೆಂಬರ್ ಪೂರಾ ತಿಂಗಳೇ! ಇನ್ನು 234ಎ, ಜುಲೈ 31ರ ಗಡುವು ಮೀರಿದ್ದಕ್ಕೆ ಐದು ತಿಂಗಳ 3,275. ಇವುಗಳ ಮೇಲೆ 234ಎಫ್‌ನ ತಡ ಶುಲ್ಕ 5,000. ಎಲ್ಲ ಕೂಡಿದರೆ 17,474 ರೂಪಾಯಿ.

ಜುಲೈ ಕೊನೆಯೊಳಗೆ ತೆರಿಗೆ ಕಟ್ಟಿ ರಿಟರ್ನ್ಸ್ ಕೊಟ್ಟಿದ್ದರೆ ಇದೇ ಮೊತ್ತ 5,924ಕ್ಕೆ ನಿಲ್ಲುತ್ತಿತ್ತು. ಮುಂಗಡ ತೆರಿಗೆ ಮರೆತ ತಪ್ಪಿಗಿಂತ ತಡವಾದ ತಪ್ಪೇ ಇಲ್ಲಿ ದುಬಾರಿ.

ಅನೇಕರು ಎಡವುವುದು ಚಲನ್ ಹತ್ತಿರ. ಈಕೆ ಡಿಸೆಂಬರ್ 20ರಂದು ಕಟ್ಟಿದ್ದು 65,520 ಮಾತ್ರ. ತೆರಿಗೆಯೆಲ್ಲ ಚುಕ್ತಾ ಆಯಿತು ಎಂದುಕೊಂಡರು. ಆದರೆ ಕಟ್ಟಿದ ಹಣವನ್ನು ಇಲಾಖೆ ಮೊದಲು ಶುಲ್ಕಕ್ಕೆ, ಆಮೇಲೆ ಬಡ್ಡಿಗೆ, ಕೊನೆಗೆ ತೆರಿಗೆಗೆ ಜಮಾ ಮಾಡಿಕೊಳ್ಳುತ್ತದೆ. ಹಾಗಾಗಿ ಬಾಕಿ ಉಳಿದ 17,474 ತೆರಿಗೆಯೇ ಆಯಿತು, ಅದರ ಮೇಲೆ 234ಬಿ ಬಡ್ಡಿ ಮತ್ತೆ ಓಡಿತು. ನೋಟಿಸಿನ ಮೊತ್ತ ನಮ್ಮ ಲೆಕ್ಕಕ್ಕಿಂತ ತುಸು ಹೆಚ್ಚಿರುವುದು ಇದರಿಂದಲೇ. ನೋಟಿಸ್ ತಲುಪಿ 30 ದಿನದೊಳಗೆ ಕಟ್ಟದಿದ್ದರೆ ತಿಂಗಳಿಗೆ ಶೇ 1ರ ಇನ್ನೊಂದು ಬಡ್ಡಿ. ಬಡ್ಡಿ ಕಡ್ಡಾಯವೆಂದು ಸುಪ್ರೀಂ ಕೋರ್ಟ್ 2001ರಲ್ಲೇ ಹೇಳಿರುವುದರಿಂದ 'ಗೊತ್ತಿರಲಿಲ್ಲ' ಎಂಬ ಉತ್ತರ ನಡೆಯದು. ಟಿಡಿಎಸ್ ಅಥವಾ ಚಲನ್ ಲೆಕ್ಕಕ್ಕೆ ಸಿಕ್ಕದಿದ್ದರೆ ಮಾತ್ರ 26ಎಎಸ್ ಜೊತೆ ತಾಳೆ ನೋಡಿ ತಿದ್ದುಪಡಿ ಕೇಳಬಹುದು.

ಕಂತಿನ ತಾರೀಖು ನೆನಪಿಟ್ಟುಕೊಳ್ಳುವ ತಾಪತ್ರಯ ಬೇಡ ಎನ್ನುವ ಸಂಬಳದಾರರಿಗೆ ಒಂದು ಒಳದಾರಿಯಿದೆ. ಬಾಡಿಗೆಯ ಆದಾಯವನ್ನು ಕಂಪನಿಯ ಲೆಕ್ಕಪತ್ರ ವಿಭಾಗಕ್ಕೆ ಬರೆದುಕೊಟ್ಟರೆ ಅದರ ತೆರಿಗೆಯನ್ನೂ ಸಂಬಳದಲ್ಲೇ ಹಿಡಿಯುತ್ತಾರೆ. ಜನವರಿಯಲ್ಲಿ ತಿಳಿಸಿ ಮಾರ್ಚ್‌ನೊಳಗೆ ಪೂರ್ತಿ ಹಿಡಿಸಿದರೂ ಅದು ಟಿಡಿಎಸ್. ಜೂನ್ ಕಂತು ತಪ್ಪಿದ ಬಡ್ಡಿ ಬೀಳುವುದಿಲ್ಲ. ಕೈಗೆ ಬರುವ ಸಂಬಳ ಮಾತ್ರ ಆ ಮೂರು ತಿಂಗಳು ಸೊರಗಿರುತ್ತದೆ.