ಕಣ್ಣಿಗೆ ಒಂದು ಪುಟ, ಕತ್ತರಿಗೆ ಇನ್ನೊಂದು

ಡೆಮಿ 1/8 ಆಕಾರದ ಪುಸ್ತಕದ ಪಿಡಿಎಫ್ ಅನ್ನು ಮನೆಯ ಪ್ರಿಂಟರಿನಲ್ಲಿ ಎ4 ಹಾಳೆಗೆ ತೆಗೆದವರು ‘ಅಕ್ಷರ ಇಷ್ಟು ದಪ್ಪ ಯಾಕೆ?’ ಎಂದು ಡಿಟಿಪಿಯವರನ್ನು ಕೇಳುವುದುಂಟು. ಡಿಟಿಪಿಯವರು ಅಕ್ಷರದ ಗಾತ್ರ ಮುಟ್ಟಿರುವುದಿಲ್ಲ. ಪಿಡಿಎಫ್‌ನ ಒಂದೊಂದು ಪುಟಕ್ಕೂ ಹಲವು ಚೌಕಟ್ಟುಗಳಿರುತ್ತವೆ. ಮನೆಯ ಪ್ರಿಂಟರ್ ನಂಬುವುದು ಒಂದನ್ನು, ಪ್ರೆಸ್ ನಂಬುವುದು ಇನ್ನೊಂದನ್ನು.

ಐದೂವರೆ ಅಂಗುಲ ಅಗಲ, ಎಂಟೂವರೆ ಅಂಗುಲ ಎತ್ತರದ ಆ ಪುಸ್ತಕದ ಒಂದು ಪುಟವನ್ನೇ ಬಿಚ್ಚಿ ನೋಡೋಣ. ಫೈಲಿನೊಳಗೆ ಚೌಕಟ್ಟುಗಳು ಹೀಗೆ ಬರೆದಿರುತ್ತವೆ:

```
/MediaBox [0 0 468 684]
/CropBox  [0 0 468 684]
/BleedBox [27 27 441 657]
/TrimBox  [36 36 432 648]
```

ಅಂಗುಲಕ್ಕೆ 72 ಪಾಯಿಂಟ್ ಲೆಕ್ಕ. ಮೊದಲೆರಡು ಅಂಕಿ ಚೌಕಟ್ಟಿನ ಎಡ-ಕೆಳ ಮೂಲೆಯನ್ನೂ ಕೊನೆಯೆರಡು ಬಲ-ಮೇಲಿನ ಮೂಲೆಯನ್ನೂ ಹೇಳುತ್ತವೆ.

ಮೀಡಿಯಾ ಬಾಕ್ಸ್ ಎಂದರೆ ಇಡೀ ಹಾಳೆ, ಇಲ್ಲಿ ಆರೂವರೆಗೆ ಒಂಬತ್ತೂವರೆ ಅಂಗುಲ. ಕಟಿಂಗ್ ಮಾರ್ಕುಗಳಿಗೂ ಜಾಗ ಬೇಕಲ್ಲ, ಅದಕ್ಕೇ ಪುಸ್ತಕಕ್ಕಿಂತ ದೊಡ್ಡದು. ಟ್ರಿಮ್ ಬಾಕ್ಸ್ ಎಂದರೆ ಕಟಿಂಗ್ ಆದ ಮೇಲೆ ಓದುಗನ ಕೈಗೆ ಬರುವ ಪುಟ. 432ರಲ್ಲಿ 36 ಕಳೆದರೆ 396, ಅಂದರೆ ಸರಿಯಾಗಿ ಐದೂವರೆ ಅಂಗುಲ. ಅದರ ಸುತ್ತ ಅಂಗುಲದ ಎಂಟನೇ ಒಂದು ಭಾಗ ಹೊರಚಾಚಿದ ಬಣ್ಣವೇ ಬ್ಲೀಡ್. ಬ್ಲೇಡು ಕೂದಲೆಳೆಯಷ್ಟು ಸರಿದರೂ ಅಂಚಿನಲ್ಲಿ ಬಿಳಿ ಗೆರೆ ಕಾಣಬಾರದೆಂದು ಬಿಡುವುದು.

ಕ್ರಾಪ್ ಬಾಕ್ಸ್ ಕಿಟಕಿಯಿದ್ದಂತೆ. ಅಕ್ರೊಬ್ಯಾಟ್ ರೀಡರ್ ತೆರೆಯ ಮೇಲೆ ತೋರಿಸುವುದೂ ಪ್ರಿಂಟರಿಗೆ ಕಳಿಸುವುದೂ ಆ ಕಿಟಕಿಯಲ್ಲಿ ಕಂಡಷ್ಟನ್ನೇ. ಮೇಲಿನ ಫೈಲಿನಲ್ಲಿ ಅದು ಇಡೀ ಹಾಳೆಯಷ್ಟಿದೆ, ಹಾಗಾಗಿ ಮಾರ್ಕುಗಳೂ ಕಾಣುತ್ತವೆ. ಕ್ರಾಪ್ ಬಾಕ್ಸನ್ನು ಟ್ರಿಮ್‌ನ ಅಳತೆಗೆ ತಂದರೆ ಮಾರ್ಕುಗಳು ಮರೆಯಾಗಿ ಪುಟ ಚೊಕ್ಕಟವಾಗುತ್ತದೆ. ಆದರೆ ಪ್ರಿಂಟ್ ಕೊಡುವಾಗ ‘Fit’ ಆರಿಸಿದ್ದರೆ ಐದೂವರೆ ಅಂಗುಲದ ಅದೇ ಪುಟ ಎ4 ತುಂಬುವಷ್ಟು, ಸುಮಾರು ಮೂರನೇ ಒಂದು ಭಾಗ ಹಿಗ್ಗುತ್ತದೆ. 11 ಪಾಯಿಂಟ್ ಅಕ್ಷರ ಹತ್ತಿರ ಹತ್ತಿರ 15 ಆಗುತ್ತದೆ. ದಪ್ಪ ಅಕ್ಷರದ ಗುಟ್ಟು ಇಷ್ಟೇ. ನಿಜವಾದ ಗಾತ್ರ ನೋಡಬೇಕಿದ್ದರೆ ‘Actual size’ ಆರಿಸಬೇಕು.

ಪ್ರೆಸ್ಸಿನಲ್ಲಿ ಕಥೆ ಬೇರೆ. ದೊಡ್ಡ ಹಾಳೆಯ ಮೇಲೆ ಎಂಟೋ ಹದಿನಾರೋ ಪುಟ ಜೋಡಿಸುವ ತಂತ್ರಾಂಶ ಸಾಮಾನ್ಯವಾಗಿ ನೋಡುವುದು ಟ್ರಿಮ್ ಬಾಕ್ಸನ್ನು. ಫೈಲಿನಲ್ಲಿ ಅದನ್ನು ಬರೆದೇ ಇಲ್ಲದಿದ್ದರೆ ಪಿಡಿಎಫ್ ನಿಯಮದ ಪ್ರಕಾರ ಕ್ರಾಪ್ ಬಾಕ್ಸೇ ಟ್ರಿಮ್. ಕ್ರಾಪ್ ಕೂಡ ಇಲ್ಲದಿದ್ದರೆ ಮೀಡಿಯಾ ಬಾಕ್ಸ್. ಎಡವಟ್ಟು ಹುಟ್ಟುವುದು ಇಲ್ಲೇ. ಕೆಲವರು ಬ್ಲೀಡ್ ಬೇಕೆಂದು ಪುಟದ ಅಳತೆಯನ್ನೇ 5.75ಕ್ಕೆ 8.75 ಅಂಗುಲ ಮಾಡಿ, ಮಾರ್ಕಿಲ್ಲದೆ ಪಿಡಿಎಫ್ ತೆಗೆಯುತ್ತಾರೆ. ಬಣ್ಣವೆಲ್ಲ ಸರಿಯಾಗಿಯೇ ಹೊರಚಾಚಿರುತ್ತದೆ. ಆದರೆ ಫೈಲು ಹೇಳುವುದು ‘ನನ್ನ ಟ್ರಿಮ್ಮೇ 5.75 ಅಂಗುಲ’ ಎಂದು. ತಂತ್ರಾಂಶ ಅದನ್ನು ನಂಬಿ ಬ್ಲೀಡನ್ನೂ ಪುಸ್ತಕದ ಭಾಗವಾಗಿಸಿಕೊಳ್ಳುತ್ತದೆ: ಪುಸ್ತಕ ಕಾಲು ಅಂಗುಲ ದೊಡ್ಡದಾಗುತ್ತದೆ, ಅಂಚಿನಾಚೆ ಬಣ್ಣವೇ ಉಳಿದಿರುವುದಿಲ್ಲ. ಇಲ್ಲವೇ ಯಾರೋ ಪುಟವನ್ನು ಕುಗ್ಗಿಸಿ ಕೂರಿಸುತ್ತಾರೆ, ಅಕ್ಷರ ಸಣ್ಣದಾಗುತ್ತದೆ. ತೆರೆಯ ಮೇಲೆ ನೋಡಿದರೆ ಯಾವ ಐಬೂ ಕಾಣುವುದಿಲ್ಲವಾದ್ದರಿಂದ ಪ್ರೂಫ್ ನೋಡುವವರನ್ನು ದೂರಿಯೂ ಫಲವಿಲ್ಲ.

ಅಂಕಿಗಳನ್ನೇ ಕೇಳುವುದು ವಾಸಿ. ‘ಪಾಪ್ಲರ್’ ಎಂಬ ಉಚಿತ ತಂತ್ರಾಂಶದ ಜೊತೆ ಬರುವ ಈ ಆಜ್ಞೆ ಮೊದಲ ಪುಟದ ಚೌಕಟ್ಟುಗಳನ್ನೆಲ್ಲ ಹೇಳಿಬಿಡುತ್ತದೆ:

```
pdfinfo -box pustaka.pdf
```

ಮೀಡಿಯಾ, ಟ್ರಿಮ್ ಎರಡೂ 414ಕ್ಕೆ 630 ಎಂದು ಬಂದರೆ ಮೇಲೆ ಹೇಳಿದ ಎಡವಟ್ಟೇ ಎಂದು ತಿಳಿಯಿರಿ. ಪುಟ ಮತ್ತೆ ಕಟ್ಟಬೇಕಿಲ್ಲ. ಅಕ್ರೊಬ್ಯಾಟ್ ಪ್ರೊದ ‘Set Page Boxes’ನಲ್ಲಿ ಟ್ರಿಮ್ ಬಾಕ್ಸ್ ಆರಿಸಿ, ನಾಲ್ಕೂ ಬದಿಗೆ 0.125 ಅಂಗುಲ ಕೊಟ್ಟು, ಎಲ್ಲ ಪುಟಗಳಿಗೂ ಅನ್ವಯಿಸಿದರೆ ಆಯಿತು.

ಕ್ರಾಪ್ ಬಗ್ಗೆ ಇನ್ನೊಂದು ಮಾತು, ಇದು ಪ್ರೆಸ್ಸಿನ ಹಂಗಿಲ್ಲದವರಿಗೂ. ಬ್ಯಾಂಕ್ ಸ್ಟೇಟ್‌ಮೆಂಟಿನ ಮೇಲ್ಭಾಗವನ್ನು ಕ್ರಾಪ್ ಮಾಡಿ ಖಾತೆ ಸಂಖ್ಯೆ ‘ತೆಗೆದು’ ಕಳಿಸುವವರಿದ್ದಾರೆ. ಕ್ರಾಪ್ ಮಾಡಿದಾಗ ಬದಲಾಗುವುದು ಕ್ರಾಪ್ ಬಾಕ್ಸಿನ ನಾಲ್ಕು ಅಂಕಿ ಮಾತ್ರ; ಸಂಖ್ಯೆ ಫೈಲಿನಲ್ಲಿ ಇದ್ದಲ್ಲೇ ಇರುತ್ತದೆ. ಅದೇ ಪಿಡಿಎಫ್ ಅನ್ನು ಇನ್‌ಡಿಸೈನ್‌ನಲ್ಲಿ ಕೂರಿಸುವಾಗ ‘Crop to’ ಎದುರು ‘Media’ ಆರಿಸಿದರೆ ಇಡೀ ಹಾಳೆ ಖಾತೆ ಸಂಖ್ಯೆಯ ಸಮೇತ ಮರಳುತ್ತದೆ. ನಿಜಕ್ಕೂ ಅಳಿಸಬೇಕಿದ್ದರೆ ಅಕ್ರೊಬ್ಯಾಟ್ ಪ್ರೊದ ‘Redact’ ಬಳಸಬೇಕು. ಅದರಲ್ಲೂ ಗುರುತು ಮಾಡಿದರೆ ಸಾಲದು, ‘Apply’ ಒತ್ತಿ ಸೇವ್ ಮಾಡಬೇಕು.