ಬಜ್ಜೋ ಎಂದರೆ ಬಜ್ಜಿ ಅಲ್ಲ

ನನ್ನ ತವರು ಚನ್ನಗಿರಿ, ಗಂಡನ ಮನೆ ಹೊನ್ನಾಳಿ. ಅಂಗನವಾಡಿ ಮೇಲ್ವಿಚಾರಕಿಯಾಗಿ ನ್ಯಾಮತಿ, ಜಗಳೂರು ತಾಲ್ಲೂಕುಗಳ ಹಳ್ಳಿಗಳನ್ನೂ ಸುತ್ತಿದ್ದೇನೆ. ಕನ್ನಡ ನನಗೆ ಚೆನ್ನಾಗಿ ಬರುತ್ತದೆ ಅಂತ ಒಂದು ಜಂಬ ಇತ್ತು. ಅದನ್ನು ಇಳಿಸಿದ್ದು ಮೂರು ವರ್ಷದ ಒಬ್ಬ ಹುಡುಗ.

ಜಗಳೂರಿನ ಕಡೆ ಒಂದು ಅಂಗನವಾಡಿಗೆ ಹೋಗಿದ್ದೆ. ಆ ಊರಲ್ಲಿ ಮನೆಯೊಳಗೆ ತೆಲುಗು ಮಾತಾಡುವ ಕುಟುಂಬಗಳೂ ಇವೆ. ಹೊಸದಾಗಿ ಸೇರಿದ್ದ ಆ ಹುಡುಗ ಬೆಳಿಗ್ಗೆಯಿಂದ "ಬಜ್ಜೋ, ಬಜ್ಜೋ" ಅಂತ ಅಳುತ್ತಿದ್ದ. "ಬಜ್ಜಿ ಕೇಳ್ತಾನೆ ಮೇಡಂ, ಮನೇಲಿ ತಿನ್ನಿಸಿ ರೂಢಿ ಮಾಡ್ಯಾರೆ" ಅಂದರು ಸಹಾಯಕಿ. ಉಪ್ಪಿಟ್ಟು ಕೊಟ್ಟರೆ ತಳ್ಳಿದ. ಬಾಯಿಗೆ ಇಡಲು ಹೋದರೆ ಕಿರುಚಿದ. ನಾನೂ ಹಟಮಾರಿ ಹುಡುಗ ಅಂದುಕೊಂಡೆ.

ಮಧ್ಯಾಹ್ನ ತಾಯಿ ಬಂದಾಗ ಗೊತ್ತಾಯಿತು. ತೆಲುಗು ಮನೆಗಳಲ್ಲಿ ಕೂಸುಗಳಿಗೆ "ಬಜ್ಜೋ" ಅಂದರೆ ಮಲಗು ಅಂತ. ನಮ್ಮ ಕಡೆ ನಾವು "ತಾಚಿ ಮಾಡು" ಅನ್ನುತ್ತೇವಲ್ಲ, ಹಾಗೆ. ಹುಡುಗ ತಿಂಡಿ ಕೇಳಿರಲಿಲ್ಲ, ಮಲಗಬೇಕು ಅಂದಿದ್ದ. ಹಣೆ ಮುಟ್ಟಿ ನೋಡಿದರೆ ಸುಡುತ್ತಿತ್ತು. ಜ್ವರ ಇದ್ದ ಮಗುವಿಗೆ ನಾವು ಎರಡು ಗಂಟೆ ಉಪ್ಪಿಟ್ಟು ತಿನ್ನಿಸಲು ಹೆಣಗಿದ್ದೆವು! ಅವತ್ತೇ ಆಸ್ಪತ್ರೆಗೆ ತೋರಿಸಿದರು, ಎರಡು ದಿನದಲ್ಲಿ ಹುಷಾರಾದ. ನನಗೆ ಮಾತ್ರ ಆ ಎರಡು ಗಂಟೆ ಮರೆಯಲಾಗಿಲ್ಲ.

ಕೂಸಿನ ಮಾತು ಎಲ್ಲಾ ಕಡೆ ಒಂದೇ ಅಂತ ನಾವು ತಿಳಿದಿರುತ್ತೇವೆ. ಒಂದು ಮಟ್ಟಿಗೆ ನಿಜ. ಚಾರ್ಲ್ಸ್ ಫರ್ಗ್ಯುಸನ್ ಎಂಬ ಭಾಷಾವಿಜ್ಞಾನಿ 1964ರಲ್ಲಿ ಮರಾಠಿಯೂ ಸೇರಿ ಆರು ಭಾಷೆಗಳ ಕೂಸುಮಾತನ್ನು ಹೋಲಿಸಿದ್ದರು. ಪದಗಳು ಚಿಕ್ಕವು, ಉಚ್ಚಾರ ಸುಲಭ, ಒಂದೇ ಅಕ್ಷರ ಎರಡೆರಡು ಸಲ ಬರುವುದು ಎಲ್ಲೆಡೆ ಸಾಮಾನ್ಯ. ನಮ್ಮ ಮಮ್ಮು, ಜೋಜೋ ಹಾಗೇ ಇವೆಯಲ್ಲ. ಆದರೆ ತೊಂದರೆ ಇರುವುದೂ ಅಲ್ಲೇ. ಸುಲಭದ ಅಕ್ಷರಗಳು ಕೆಲವೇ, ಹೇಳಬೇಕಾದ ಸಂಗತಿಗಳು ಹಲವು. ಹಾಗಾಗಿ ಒಂದೇ ಸದ್ದು ಒಂದು ಮನೆಯಲ್ಲಿ ಒಂದು, ಪಕ್ಕದ ಮನೆಯಲ್ಲಿ ಇನ್ನೊಂದು ಆಗುತ್ತದೆ. ನಮ್ಮ ಮನೆಯಲ್ಲೇ ಮಗಳು "ಕಕ್ಕ" ಅಂದರೆ ಕಕ್ಕಸಿಗೆ ಕರೆದುಕೊಂಡು ಹೋಗಬೇಕೋ, ಚಿಕ್ಕಪ್ಪ ಬಂದನೋ ಅಂತ ಬಾಗಿಲ ಕಡೆ ನೋಡಬೇಕಿತ್ತು.

ಸಮಾಧಾನದ ಮಾತನ್ನು ಅನುವಾದಿಸುವುದು ಇನ್ನೂ ನಾಜೂಕು. ಆ ತಾಯಿ ಮಗನನ್ನು ಎತ್ತಿಕೊಂಡು "ಊರುಕೋ ನಾನ್ನಾ" ಅಂದಳು. ಪದಕ್ಕೆ ಪದ ಇಟ್ಟರೆ "ಸುಮ್ಮನಿರು ಅಪ್ಪಾ" ಆಗುತ್ತದೆ. ನಮ್ಮಲ್ಲಿ ಅಳುವ ಮಗುವಿಗೆ "ಸುಮ್ಮನಿರು" ಅಂದರೆ ಗದರಿದ ಹಾಗೆ. ಅದಕ್ಕೆ ಸರಿಯಾದ ಕನ್ನಡ "ಅಳಬ್ಯಾಡ ನನ್ನಪ್ಪಾ". ಪದ ಬೇರೆ, ಕೆಲಸ ಒಂದೇ. ಮಗುವನ್ನು ಅಪ್ಪಾ ಅನ್ನುವುದು ಮಾತ್ರ ಎರಡೂ ಕಡೆ ಇದೆ.

ಭಾಷೆ ಬರದಿದ್ದರೂ ದನಿ ದಾಟುತ್ತದೆ. ಆನ್ ಫರ್ನಾಲ್ಡ್ ಎಂಬ ಸಂಶೋಧಕಿ 1993ರಲ್ಲಿ ಇದನ್ನು ಪ್ರಕಟಿಸಿದರು. ಇಂಗ್ಲಿಷ್ ಮನೆಯ ಐದು ತಿಂಗಳ ಕೂಸುಗಳಿಗೆ ಜರ್ಮನ್, ಇಟಾಲಿಯನ್ ತಾಯಂದಿರ ಮೆಚ್ಚುಗೆ ಮತ್ತು ಗದರಿಕೆ ಕೇಳಿಸಿದಾಗ, ಪದ ತಿಳಿಯದಿದ್ದರೂ ಮೆಚ್ಚುಗೆಗೆ ಹೆಚ್ಚು ನಗುತ್ತಿದ್ದವು. ಜಪಾನಿ ದನಿಗೆ ಮಾತ್ರ ಹಾಗಾಗಲಿಲ್ಲ. ಅಂದರೆ ದನಿಗೂ ಒಂದು ಮಿತಿ ಇದೆ. ಮೇಲಾಗಿ ದನಿ ಮಗುವನ್ನು ಸಮಾಧಾನ ಮಾಡೀತು, ಮಗುವಿಗೆ ಏನು ಬೇಕು ಅಂತ ನಮಗೆ ಹೇಳಲಾರದು.

ಅವತ್ತಿನಿಂದ ಮಗುವನ್ನು ಸೇರಿಸಿಕೊಳ್ಳುವಾಗ ತಾಯಿಯ ಹತ್ತಿರ ಐದು ಪ್ರಶ್ನೆ ಕೇಳಲು ಟೀಚರುಗಳಿಗೆ ಹೇಳಿದೆ. ಹಸಿವಾದಾಗ, ನೀರಡಿಕೆಯಾದಾಗ, ನಿದ್ದೆ ಬಂದಾಗ, ಕಕ್ಕಸಿಗೆ ಬಂದಾಗ, ನೋವಾದಾಗ ನಿಮ್ಮ ಕೂಸು ಏನಂತದೆ? "ನಿಮ್ಮ ಭಾಷೇಲಿ ಇದಕ್ಕೆ ಏನಂತಾರೆ" ಅಂತ ಕೇಳಬಾರದು. ಹಾಗೆ ಕೇಳಿದರೆ ದೊಡ್ಡವರ ಪದ ಹೇಳಿಬಿಡುತ್ತಾರೆ. ಕೂಸು ಅಂದ ಹಾಗೇ ಬರೆದುಕೊಳ್ಳಬೇಕು, ಜೊತೆಗೆ ಕೈಸನ್ನೆಯನ್ನೂ. ಕಣ್ಣು ಉಜ್ಜುತ್ತದಾ, ಸೆರಗು ಎಳೆಯುತ್ತದಾ? ಕೊನೆಗೆ, ಆಗ ನೀವು ಏನು ಅಂತೀರಿ ಅಂತ ಕೇಳಬೇಕು. ಒಂದು ವಾರ ಬಿಟ್ಟು ಮತ್ತೆ ನೋಡಬೇಕು. ಪದಕ್ಕೆ ತಕ್ಕದ್ದನ್ನು ಕೊಟ್ಟರೂ ಅಳು ನಿಲ್ಲದಿದ್ದರೆ ನಾವು ತಪ್ಪು ತಿಳಿದಿದ್ದೇವೆ, ಇಲ್ಲವೇ ಮಗುವಿಗೆ ಮೈ ಸರಿಯಿಲ್ಲ. ಮೊದಲು ಹಣೆ ಮುಟ್ಟಿ ನೋಡಬೇಕು.

ಸಂತ ಸೇವಾಲಾಲರ ಸೂರಗೊಂಡನಕೊಪ್ಪ ಇರುವ ನ್ಯಾಮತಿ ತಾಲ್ಲೂಕಿನಲ್ಲಿ ಲಂಬಾಣಿ ತಾಂಡಾಗಳಿವೆ. ಅಲ್ಲಿನ ಒಬ್ಬ ಟೀಚರ್ ತಮ್ಮ ಚೀಟಿಯಲ್ಲಿ ಆರನೆಯ ಸಾಲೊಂದನ್ನು ತಾವೇ ಸೇರಿಸಿಕೊಂಡಿದ್ದರು: "ಯಾಡಿ ಅಂದರೆ ಅಮ್ಮ. ಹಾಗೆ ಅತ್ತರೆ ಏನೂ ಕೊಡುವುದು ಬೇಡ, ಎತ್ತಿಕೊಳ್ಳುವುದು."